ವಿಷಯ: ಡೇಟಾ ಇಂಜಿನಿಯರ್ ಹುದ್ದೆ – ನನ್ನ ಉತ್ತರ

ನಮಸ್ಕಾರ ರೇಖಾ ಮೇಡಂ,

ಮಂಗಳವಾರ ಫೋನಿನಲ್ಲಿ ಬಿಡುವಾಗಿ ಮಾತನಾಡಿದ್ದಕ್ಕೆ, ಕೇಳಿದ ಕೂಡಲೇ ಹುದ್ದೆಯ ಪೂರ್ಣ ವಿವರ ಕಳುಹಿಸಿದ್ದಕ್ಕೆ ಧನ್ಯವಾದಗಳು. ಸಂಬಳದ ಮಿತಿಯನ್ನು ಮೊದಲೇ ತಿಳಿಸಿದಿರಿ. ಹಾಗೆ ಮಾಡುವವರು ಕಡಿಮೆ. ನನಗೆ ಅದು ಬಹಳ ಹಿಡಿಸಿತು.

ವಿವರವನ್ನು ನಿಧಾನವಾಗಿ ಓದಿದೆ. ಈ ಹುದ್ದೆಗೆ ನನ್ನ ಹೆಸರನ್ನು ಮುಂದಕ್ಕೆ ಕಳುಹಿಸುವುದು ಬೇಡ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಹೆಸರು ಡೇಟಾ ಇಂಜಿನಿಯರ್ ಎಂದಿದ್ದರೂ ಕೆಲಸದ ಹೆಚ್ಚಿನ ಪಾಲು ಮಾರಾಟ ವಿಭಾಗಕ್ಕೆ ಡ್ಯಾಶ್‌ಬೋರ್ಡ್ ಮತ್ತು ವಾರದ ವರದಿ ಸಿದ್ಧಪಡಿಸುವುದು, ಅವುಗಳನ್ನು ಗ್ರಾಹಕರ ಮುಂದೆ ವಿವರಿಸುವುದು. ಅದು ಬೇಕಾದ ಕೆಲಸವೇ, ಆದರೆ ನನ್ನ ಕೈ ಪಳಗಿರುವುದು ಬೇರೆ ಕಡೆ. ನಿಧಾನವಾದ ಕ್ವೆರಿಯೊಂದನ್ನು `EXPLAIN ANALYZE` ಹಾಕಿ ಬಿಡಿಸಿ, ಒಂದು ಇಂಡೆಕ್ಸ್ ಇಲ್ಲದ್ದರಿಂದ ಇಡೀ ಟೇಬಲ್ ಓದಲಾಗುತ್ತಿದೆ ಎಂದು ಕಂಡುಹಿಡಿಯುವುದು. ಬ್ಯಾಕಪ್ ಇದೆ ಎಂದು ನಂಬಿ ಕೂರದೆ, ಅದನ್ನು ಬೇರೊಂದು ಸರ್ವರ್‌ನಲ್ಲಿ ಮರುಸ್ಥಾಪಿಸಿ ನೋಡುವುದು. ಇಂಥ ಕೆಲಸದಲ್ಲಿ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ ವಿವರದಲ್ಲಿ ಇದಕ್ಕೆ ಕೊನೆಯ ಒಂದು ಸಾಲು ಮಾತ್ರ ಇದೆ. ಒಪ್ಪಿಕೊಂಡು ಆರು ತಿಂಗಳಿಗೆ ಬಿಟ್ಟರೆ ನಿಮಗೂ ಆ ಸಂಸ್ಥೆಗೂ ನಷ್ಟ.

ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರು ಉಳಿಯಲಿ ಎಂಬುದು ನನ್ನ ನಿಜವಾದ ಆಸೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳ ಪೂರ್ಣ ಹೊಣೆ ಇರುವ ಹುದ್ದೆ ಬಂದರೆ ದಯವಿಟ್ಟು ನೆನಪಿಸಿಕೊಳ್ಳಿ. ವಿಶೇಷವಾಗಿ, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಸೇವೆ ಹೆಚ್ಚು ನಿಲ್ಲದಂತೆ ಲಾಜಿಕಲ್ ರೆಪ್ಲಿಕೇಶನ್ ಮೂಲಕ ಸಾಗಿಸಬೇಕಾದ ತಂಡಗಳಿದ್ದರೆ ನನಗೆ ತುಂಬ ಆಸಕ್ತಿಯಿದೆ. ರಾತ್ರಿ ಪಾಳಿಯ ತುರ್ತು ಕರೆಗಳನ್ನು ತಂಡದವರೆಲ್ಲ ಸರದಿಯಂತೆ ಹಂಚಿಕೊಳ್ಳುವುದಾದರೆ ನನ್ನ ಅಭ್ಯಂತರವಿಲ್ಲ. ಒಬ್ಬರ ತಲೆಗೇ ಕಟ್ಟುವುದಾದರೆ ಬೇಡ. ಜನರನ್ನು ನಿರ್ವಹಿಸುವ ಹುದ್ದೆ ಸದ್ಯಕ್ಕೆ ಬೇಕಿಲ್ಲ. ನೋಟಿಸ್ ಅವಧಿ ಅರವತ್ತು ದಿನ, ಮಾತನಾಡಿದರೆ ಸ್ವಲ್ಪ ಇಳಿಯಬಹುದು.

ಒಂದು ಕೋರಿಕೆ. ಯಾವ ಸಂಸ್ಥೆಗಾದರೂ ನನ್ನ ಬಯೋಡೇಟಾ ಕಳುಹಿಸುವ ಮೊದಲು ಒಂದು ಸಂದೇಶ ಹಾಕಿ. ಒಂದೇ ಹುದ್ದೆಗೆ ಇಬ್ಬರ ಮೂಲಕ ಅರ್ಜಿ ಹೋದರೆ ಅಭ್ಯರ್ಥಿ ಯಾರ ಕಡೆಯವರೆಂಬ ತಕರಾರು ಎದ್ದು, ಸಂಸ್ಥೆ ಅರ್ಜಿಯನ್ನೇ ಬದಿಗಿಡುವುದುಂಟು. ನಾನು ಅದೇ ದಿನ ಉತ್ತರಿಸುತ್ತೇನೆ.

ವರದಿ ಮತ್ತು ಡ್ಯಾಶ್‌ಬೋರ್ಡ್ ಕೆಲಸವನ್ನು ಪ್ರೀತಿಯಿಂದ ಮಾಡುವ ಹಳೆಯ ಸಹೋದ್ಯೋಗಿಯೊಬ್ಬರು ಹೊಸ ಕೆಲಸ ಹುಡುಕುತ್ತಿದ್ದಾರೆ. ಗ್ರಾಹಕರೊಡನೆ ಮಾತಿನಲ್ಲೂ ಅವರು ನನಗಿಂತ ಎಷ್ಟೋ ಮುಂದು. ನೀವು ಹೂಂ ಎಂದರೆ ಅವರನ್ನು ಕೇಳಿ, ಒಪ್ಪಿದರೆ ನಿಮ್ಮಿಬ್ಬರಿಗೂ ಪರಿಚಯ ಮಾಡಿಸುತ್ತೇನೆ.

ವಂದನೆಗಳೊಂದಿಗೆ,
ಸುಧೀರ್