ಮಂಜುಳಕ್ಕನ ಅಭ್ಯಾಸದ ಪುಟ: ‘ನಿ’ ಎಲ್ಲಿ, ‘ದೆ’ ಎಲ್ಲಿ

ಮಂಜುಳಕ್ಕ, ನಮಸ್ಕಾರ. ನೀವು ಕಳಿಸಿದ ಜಪಾನೀಸ್ ಅಭ್ಯಾಸದ ಫೋಟೋ ಬಂತು. ಎಂಟು ವಾಕ್ಯಗಳೂ ಚೆನ್ನಾಗಿ ಕಾಣುತ್ತಿವೆ. ಕೊನೆಯದರ ತುದಿಗೆ ಮಾತ್ರ ನಿಮ್ಮ ಹೆಬ್ಬೆರಳು ಬಂದಿದೆ, ಆದರೂ ಓದೋಕಾಯ್ತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೆ ಬರೆದೇ ಕಳಿಸುತ್ತಿದ್ದೇನೆ. ಫೋಟೋ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಮೇಲಿನ ಸಾಲಿನಲ್ಲಿರುವ ಸೂಚನೆ ಇಷ್ಟೇ: ಖಾಲಿ ಬಿಟ್ಟ ಜಾಗದಲ್ಲಿ ‘ನಿ’, ‘ದೆ’, ‘ಒ’ ಈ ಮೂರರಲ್ಲಿ ಒಂದನ್ನು ತುಂಬಿ. ನಮ್ಮ ‘ಗೆ’, ‘ಅಲ್ಲಿ’, ‘ಅನ್ನು’ ಇದ್ದ ಹಾಗೆ ಇವು. ಜಪಾನೀಸಿನಲ್ಲೂ ಪದ ಮೊದಲು, ಪ್ರತ್ಯಯ ಆಮೇಲೆ, ಕ್ರಿಯಾಪದ ಕೊನೆಗೆ. ವಾಕ್ಯ ಕಟ್ಟೋದು ನಮಗೆ ಮೊದಲೇ ಗೊತ್ತಿದೆ. ಕಷ್ಟ ಇರೋದು ಒಂದೇ ಕಡೆ, ನೀವು ಎಡವಿದ್ದೂ ಅಲ್ಲೇ.

ಮೊದಲ ಎರಡು ವಾಕ್ಯ ನೋಡಿ.

1. ಒಸಾಕಾ ( ) ಸುಂದೆಇಮಾಸು.
2. ಕೋಜೋ ( ) ಹತಾರಾಇತೆಇಮಾಸು.

ಒಂದನೆಯದು ‘ಒಸಾಕಾದಲ್ಲಿ ವಾಸವಾಗಿದ್ದೇನೆ’. ಎರಡನೆಯದು ‘ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದೇನೆ’. ನೀವು ಎರಡಕ್ಕೂ ‘ನಿ’ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಎರಡೂ ಅಲ್ಲಿ ತಾನೇ?’ ಅಂತ ಕೇಳಿದ್ದೀರಿ. ಪ್ರಶ್ನೆ ಬಹಳ ಸರಿಯಾಗಿದೆ ಅಕ್ಕ. ಕನ್ನಡದಲ್ಲಿ ಎರಡಕ್ಕೂ ‘ಅಲ್ಲಿ’ಯೇ. ನಮ್ಮ ಒಂದು ‘ಅಲ್ಲಿ’ಯನ್ನು ಜಪಾನೀಯರು ಎರಡು ಮಾಡಿಕೊಂಡಿದ್ದಾರೆ. ಸುಮ್ನೆ ಇರುವ ಜಾಗಕ್ಕೆ ‘ನಿ’. ಏನಾದರೂ ಮಾಡುವ ಜಾಗಕ್ಕೆ ‘ದೆ’.

ನಿಮ್ಮ ದಿನವನ್ನೇ ತೆಗೆದುಕೊಳ್ಳಿ. ತುಮಕೂರಿನಲ್ಲಿ ಇದ್ದೀರಿ: ‘ನಿ’. ವಸಂತನರಸಾಪುರದಲ್ಲಿ ಬಿಡಿಭಾಗಗಳನ್ನು ಚೆಕ್ ಮಾಡುತ್ತೀರಿ: ‘ದೆ’. ಡಬ್ಬಿ ಬ್ಯಾಗಿನಲ್ಲಿದೆ: ‘ನಿ’. ಕ್ಯಾಂಟೀನಿನಲ್ಲಿ ಊಟ ಮಾಡುತ್ತೀರಿ: ‘ದೆ’. ವಾಸ ಮಾಡೋದು ಕೂಡ ಮಾಡೋದೇ ಅಲ್ವಾ ಅಂತ ಅನ್ನಿಸಬಹುದು. ಅಲ್ಲ, ಅದನ್ನು ಅವರು ಇರುವುದು ಅಂತಲೇ ಎಣಿಸುತ್ತಾರೆ. ಹಾಗಾಗಿ ‘ಸುಂದೆಇಮಾಸು’ ಕಂಡರೆ ಜಾಗಕ್ಕೆ ‘ನಿ’ ಹಾಕಿ. ಒಂದನೆಯ ಉತ್ತರ ಸರಿ, ಎರಡನೆಯದನ್ನು ‘ದೆ’ ಮಾಡಿ.

ಮೂರು ಮತ್ತು ನಾಲ್ಕು ಇದೇ ಜೋಡಿ. ‘ತ್ಸುಕುಎ ನೊ ಉಎ ನಿ ಹೊನ್ ಗ ಅರಿಮಾಸು’, ಮೇಜಿನ ಮೇಲೆ ಪುಸ್ತಕ ಇದೆ. ನಾವು ‘ಮೇಲೆ’ ಅಂದು ನಿಲ್ಲಿಸುತ್ತೇವೆ, ಅವರು ‘ಉಎ’ ಅಂದ ಮೇಲೂ ‘ನಿ’ ಹಾಕಲೇಬೇಕು. ನೀವು ಅಲ್ಲಿ ಗೀಟು ಎಳೆದು ಏನೂ ಬೇಡ ಅಂತ ಬಿಟ್ಟಿದ್ದೀರಿ, ತುಂಬಿಕೊಳ್ಳಿ. ನಾಲ್ಕರಲ್ಲಿ ಲೈಬ್ರರಿಯಲ್ಲಿ ಓದುವುದು, ಓದೋದು ಕೆಲಸ, ‘ತೊಶೊಕಾನ್ ದೆ’.

ಐದು ಸುಲಭ. ‘ರೊಕುಜಿ ನಿ ಒಕಿಮಾಸು’, ಆರು ಗಂಟೆಗೆ ಏಳುತ್ತೇನೆ. ನಮ್ಮ ‘ಗಂಟೆಗೆ’ಯ ‘ಗೆ’ ಇದ್ದ ಕಡೆ ‘ನಿ’. ನಾವು ‘ನಾಳೆ ಬರ್ತೀನಿ’ ಅನ್ನುವಾಗ ನಾಳೆಗೆ ಏನೂ ಸೇರಿಸಲ್ಲ, ಅವರೂ ‘ಅಶಿತಾ’ಗೆ ಏನೂ ಸೇರಿಸುವುದಿಲ್ಲ.

ಆರು: ‘ಬಸು ದೆ ಕೈಶಾ ಎ ಇಕಿಮಾಸು’, ಬಸ್ಸಿನಲ್ಲಿ ಕಂಪನಿಗೆ ಹೋಗುತ್ತೇನೆ. ಬಸ್ಸಿನೊಳಗೆ ಇರುತ್ತೀರಿ ಅಂತ ‘ನಿ’ ಬರೆದಿದ್ದೀರಿ. ಇಲ್ಲಿ ಬಸ್ಸು ಜಾಗ ಅಲ್ಲ, ಸಾಧನ. ಚಾಕುವಿನಿಂದ ತರಕಾರಿ ಹೆಚ್ಚುತ್ತೇವಲ್ಲ, ಆ ‘ಇಂದ’ಕ್ಕೂ ಜಪಾನೀಸಿನಲ್ಲಿ ‘ದೆ’. ಕಡ್ಡಿಗಳಿಂದ ಊಟ ಮಾಡುತ್ತೇನೆ ಅನ್ನಬೇಕಾದರೆ ‘ಹಶಿ ದೆ’. ಬಸ್ಸು, ರೈಲು, ಸೈಕಲ್, ಚಾಕು, ಪೆನ್ನು ಎಲ್ಲವೂ ಆ ಗುಂಪಿಗೇ ಸೇರುತ್ತವೆ. ಹಾಗೇ, ಪುಸ್ತಕದಲ್ಲಿ ‘ಹೆ’ ಅಂತ ಅಚ್ಚಾಗಿರುವ ಅಕ್ಷರವನ್ನು ಈ ಜಾಗದಲ್ಲಿ ‘ಎ’ ಅಂತ ಓದಬೇಕು.

ಏಳನೆಯದು ನನಗೆ ತುಂಬಾ ಇಷ್ಟ. ‘ಉಚಿ ( ) ದೆಮಾಸು’. ಮನೆಯಿಂದ ಹೊರಡುತ್ತೇನೆ. ‘ಇಂದ’ ಅಂತ ಯೋಚಿಸಿ ನೀವು ‘ದೆ’ ಬರೆದಿದ್ದೀರಿ, ಈಗಷ್ಟೇ ನಾನು ಹೇಳಿದ ಚಾಕುವಿನ ‘ಇಂದ’ ನೆನಪಾದರೆ ಅದೇ ಸರಿ ಅಂತಲೂ ಅನ್ನಿಸುತ್ತದೆ. ಆದರೆ ಚಾಕುವಿನ ‘ಇಂದ’ ಬೇರೆ, ಮನೆಯ ‘ಇಂದ’ ಬೇರೆ. ಬೆಳಿಗ್ಗೆ ಯಾರಾದರೂ ‘ಎಷ್ಟೊತ್ತಿಗೆ ಹೊರಟ್ರಿ?’ ಅಂತ ಕೇಳಿದರೆ ನೀವು ಏನಂತೀರಿ? ‘ಏಳಕ್ಕೇ ಮನೆ ಬಿಟ್ಟೆ’ ಅಂತೀರಿ. ಏನನ್ನು ಬಿಟ್ಟಿರಿ? ಮನೆಯನ್ನು. ಅದೇ ‘ಅನ್ನು’, ಅದೇ ‘ಒ’. ‘ಉಚಿ ಒ ದೆಮಾಸು’. ಮನೆ ಬಿಡೋದನ್ನು ಅವರೂ ನಮ್ಮ ಹಾಗೇ ಹೇಳುತ್ತಾರೆ. ಇದನ್ನು ಬಾಯಿಪಾಠ ಮಾಡಬೇಡಿ, ‘ಮನೆ ಬಿಟ್ಟೆ’ ಅಂತ ಒಂದು ಸಲ ನೆನೆಸಿಕೊಳ್ಳಿ, ಸಾಕು.

ಎಂಟರಲ್ಲಿ ಕೊಂಚ ನಿಧಾನಿಸಿ. ‘ಕ್ಯೋಶಿತ್ಸು ( ) ತೆಸುತೊ ಗ ಅರಿಮಾಸು’. ಕ್ಲಾಸಿನಲ್ಲಿ ಪರೀಕ್ಷೆ ಇದೆ. ‘ಇದೆ’ ಅಂತ ಕಂಡ ತಕ್ಷಣ ‘ನಿ’ ಬರೆದಿದ್ದೀರಿ. ನಾನು ಕಲಿಯುವಾಗ ಇದೇ ತಪ್ಪನ್ನು ಎಷ್ಟೋ ಸಲ ಮಾಡಿದ್ದೇನೆ. ಮೇಜಿನ ಮೇಲಿನ ಪುಸ್ತಕಕ್ಕೂ ‘ಅರಿಮಾಸು’, ಪರೀಕ್ಷೆಗೂ ‘ಅರಿಮಾಸು’. ಆದರೆ ಪರೀಕ್ಷೆ ಒಂದು ವಸ್ತುವಲ್ಲ, ನಡೆಯುವ ಸಂಗತಿ. ಅನುಮಾನ ಬಂದರೆ ‘ಇದೆ’ ತೆಗೆದು ‘ನಡೆಯುತ್ತೆ’ ಹಾಕಿ ನೋಡಿ. ‘ಕ್ಲಾಸಿನಲ್ಲಿ ಪರೀಕ್ಷೆ ನಡೆಯುತ್ತೆ’ ಸರಿ ಕೇಳಿಸುತ್ತದೆ, ಹಾಗಾಗಿ ‘ದೆ’. ‘ಮೇಜಿನ ಮೇಲೆ ಪುಸ್ತಕ ನಡೆಯುತ್ತೆ’ ಅಂತ ಯಾರೂ ಹೇಳಲ್ಲ, ಹಾಗಾಗಿ ‘ನಿ’. ಇನ್ನೊಂದು: ಸಿದ್ಧಗಂಗೆಯಲ್ಲಿ ಜಾತ್ರೆ ಇದೆ. ನಡೆಯುತ್ತೆ ಅನ್ನಬಹುದಲ್ವಾ? ‘ದೆ’. ಸಿದ್ಧಗಂಗೆಯಲ್ಲಿ ಮಠ ಇದೆ. ‘ನಿ’. ಮೀಟಿಂಗು, ಮದುವೆ, ಕ್ರಿಕೆಟ್ ಮ್ಯಾಚು ಎಲ್ಲವನ್ನೂ ಹೀಗೆ ಒರೆಗೆ ಹಚ್ಚಿ. ಎಂಟರಲ್ಲಿ ಇದೇ ಮುಖ್ಯ, ಇದಕ್ಕೆ ಬೇಕಾದರೆ ಒಂದು ದಿನ ಜಾಸ್ತಿ ಕೊಡಿ.

ಎಂಟರಲ್ಲಿ ಮೂರು ಸರಿ, ಐದು ತಪ್ಪು ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮ ತಪ್ಪುಗಳಲ್ಲಿ ಕನ್ನಡದ ಲೆಕ್ಕ ಇದೆ, ಸುಮ್ಮನೆ ಊಹೆ ಮಾಡಿ ಬರೆದವಲ್ಲ. ಕಾರಣ ಗೊತ್ತಾದ ತಪ್ಪು ಬೇಗ ಹೋಗುತ್ತದೆ. ಡಿಸೆಂಬರಿನ ಮೊದಲ ಭಾನುವಾರದ ಎನ್5, ಅಂದರೆ ಜಪಾನೀಸಿನ ಮೊದಲ ಹಂತದ ಪರೀಕ್ಷೆಗೆ 180ಕ್ಕೆ 80 ಅಂಕ ಬೇಕು, ಕೇಳಿಸಿಕೊಳ್ಳುವ ಭಾಗದಲ್ಲೂ 60ಕ್ಕೆ ಕನಿಷ್ಠ 19 ಬರಲೇಬೇಕು. ಅದಕ್ಕೇ ಈ ಎಂಟನ್ನೂ ಬರೆದುಬಿಟ್ಟು ಬಿಡಬೇಡಿ, ಬಸ್ಸಿನಲ್ಲಿ ಕೂತಾಗ ಜೋರಾಗಿ ಹೇಳಿಕೊಳ್ಳಿ. ಪಕ್ಕದಲ್ಲಿದ್ದವರು ನೋಡಿದರೆ ನೋಡಲಿ ಅಕ್ಕ.

ಗುರುವಾರದೊಳಗೆ ನಿಮ್ಮ ಒಂದು ದಿನದ ಬಗ್ಗೆ ಐದು ವಾಕ್ಯ ಬರೆದು ಫೋಟೋ ಕಳಿಸಿ. ಮೊದಲನೆಯದನ್ನು ನಾನೇ ಶುರು ಮಾಡಿ ಕೊಡುತ್ತೇನೆ: ‘ಕ್ಯಾತ್ಸಂದ್ರದಲ್ಲಿ ಬಸ್ ಹತ್ತುತ್ತೇನೆ’. ಹತ್ತುವ ಕೆಲಸ ನಡೆಯುವ ಜಾಗ ಕ್ಯಾತ್ಸಂದ್ರ, ಅಲ್ಲಿ ‘ದೆ’. ಬಸ್ಸಿಗೆ ನಾವು ಏನೂ ಸೇರಿಸಲ್ಲ, ಅವರು ‘ನಿ’ ಸೇರಿಸುತ್ತಾರೆ. ಕಾಲಿಟ್ಟು ಸೇರುವ ಜಾಗ ಅದು, ಸಾಧನ ಅಲ್ಲ. ‘ಕ್ಯಾತ್ಸಂದ್ರ ದೆ ಬಸು ನಿ ನೊರಿಮಾಸು’. ಆರನೆಯ ವಾಕ್ಯದ ‘ಬಸು ದೆ’ ಮತ್ತು ಈ ‘ಬಸು ನಿ’ ಎರಡನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ. ವ್ಯತ್ಯಾಸ ಹಿಡಿಸದಿದ್ದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿ, ಎದ್ದಿರುತ್ತೇನೆ.