ವೇತಾಳ ಟೇಕಡಿಯ ಪಾಠಕ್ಕಾಗಿ ಗುರುಗಳಿಗೆ ಕೃತಜ್ಞತಾ ಪತ್ರ

ಪುಣೆ
18 ಜನವರಿ 2025

ಪೂಜ್ಯ ಗುರುಗಳಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಸವಿತಾ ಮಾಡುವ ನಮಸ್ಕಾರಗಳು. ನೀವು ನಿವೃತ್ತರಾಗಿ ಧಾರವಾಡಕ್ಕೆ ಮರಳಿದ ಮೇಲೆ ನಿಮ್ಮ ಕ್ಷೇಮಸಮಾಚಾರವನ್ನು ಸಹಪಾಠಿಗಳಿಂದ ಕೇಳಿ ತಿಳಿಯುತ್ತಿದ್ದೇನೆ. ಆರೋಗ್ಯವಾಗಿದ್ದೀರಿ, ಬೆಳಗಿನ ತಿರುಗಾಟವನ್ನು ಬಿಟ್ಟಿಲ್ಲ ಎಂದು ಕೇಳಿ ಸಂತೋಷವಾಯಿತು.

ಅಂತರ್ಜಲದ ಕೆಲಸ ಮಾಡುವ ನಮ್ಮ ಸಂಸ್ಥೆಗೆ ಈ ತಿಂಗಳು ಕೆಲವು ಹೊಸ ಪದವೀಧರರು ಸೇರಿದ್ದಾರೆ. ಅವರಿಗೆ ಕ್ಷೇತ್ರಕಾರ್ಯ ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಏನನ್ನು ಕಲಿಸಬೇಕೆಂದು ಟಿಪ್ಪಣಿ ಮಾಡಲು ಕುಳಿತಾಗ, ಅವರ ಮುಂದೆ ಇಡಬೇಕೆಂದು ನಾನು ಆರಿಸಿದ್ದರಲ್ಲಿ ಬಹುಪಾಲು ನೀವು ವೇತಾಳ ಟೇಕಡಿಯ ಹಳೆಯ ಕಲ್ಲುಗಣಿಯಲ್ಲಿ ಮಾಡಿದ ಒಂದೇ ಪಾಠದಿಂದ ಬಂದದ್ದೆಂಬುದು ಸ್ಪಷ್ಟವಾಯಿತು. ಈ ಮಾತನ್ನು ನಿಮಗೆ ಎಂದೋ ತಿಳಿಸಬೇಕಿತ್ತು.

ಆ ದಿನ ನೀವು ನಮ್ಮನ್ನು ಕರೆದೊಯ್ದದ್ದು ದಖ್ಖನ್ ಬಸಾಲ್ಟನ್ನು ತೋರಿಸಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ್ದು, ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿರುವುದು ಇವೆಲ್ಲ ನಮಗೆ ಪುಸ್ತಕದಿಂದ ಬಾಯಿಪಾಠವಾಗಿದ್ದವು. ನೀವು ಅದಾವುದನ್ನೂ ಕೇಳಲಿಲ್ಲ. ನೋಟುಪುಸ್ತಕದ ಪುಟದ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆಯಲು ಹೇಳಿ, ಎಡಕ್ಕೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕದ್ದು, ಅಳತೆಗೆ ಬಂದದ್ದು ಮಾತ್ರ, ಬಲಕ್ಕೆ ಅದರಿಂದ ನಾವು ಊಹಿಸಿದ್ದು ಎಂದಿರಿ. ಎಡಭಾಗ ತುಂಬುವವರೆಗೆ ಬಲಭಾಗದಲ್ಲಿ ಒಂದಕ್ಷರವನ್ನೂ ಬರೆಯಕೂಡದೆಂದು ತಾಕೀತು ಮಾಡಿದಿರಿ.

ಗಣಿಯ ಗೋಡೆಯ ಬುಡದಲ್ಲಿ ಬಿದ್ದಿದ್ದ ಒಂದು ಕಲ್ಲಿನ ತುಂಬ ಸಣ್ಣ ಸಣ್ಣ ಗೂಡುಗಳಿದ್ದವು. ಲಾವಾದಲ್ಲಿ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಬಿಟ್ಟುಹೋದ ಆ ಗೂಡುಗಳನ್ನು ಬೆಳ್ಳಗಿನ ಖನಿಜ ತುಂಬಿತ್ತು. ‘ಕ್ಯಾಲ್ಸೈಟ್’ ಎಂದು ತರಗತಿಯಲ್ಲಿ ಹಲವರು ಒಟ್ಟಿಗೇ ಕೂಗಿದರು. ನೀವು ಸೀಸೆಯಿಂದ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಒಂದು ಗೂಡಿನ ಮೇಲೆ ಬಿಟ್ಟಿರಿ. ಅದು ಬುಸುಗುಟ್ಟಿ ನೊರೆಯೆದ್ದಿತು. ನಾಲ್ಕು ಬೆರಳು ಆಚೆಗಿದ್ದ, ನೋಡಲು ಅಷ್ಟೇ ಬೆಳ್ಳಗಿದ್ದ ಇನ್ನೊಂದು ಗೂಡಿನ ಮೇಲೆ ಬಿಟ್ಟ ಹನಿ ನೀರಿನ ಹನಿಯಂತೆ ಸುಮ್ಮನೆ ನಿಂತಿತು. ಅದು ಝಿಯೋಲೈಟ್ ಇರಬಹುದೆಂದು ಹೇಳುವ ಮೊದಲು ನೀವು ನಮಗೆಲ್ಲ ಮಸೂರ ಕೊಟ್ಟು, ಹರಳಿನ ಆಕಾರ, ಹೊಳಪು, ಒಡೆಯುವ ಬಗೆ ಎಲ್ಲವನ್ನೂ ಎಡಭಾಗದಲ್ಲಿ ಬರೆಸಿದಿರಿ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಿಂದ ಬಂದು ತರಗತಿಯ ಇಂಗ್ಲಿಷಿಗೂ ಮರಾಠಿಗೂ ಹೊಂದಿಕೊಳ್ಳುತ್ತಿದ್ದ ನನ್ನ ಪಕ್ಕಕ್ಕೆ ಬಂದು ನೀವು ನಮ್ಮ ಭಾಷೆಯಲ್ಲಿ ಹೇಳಿದ ಮಾತು ಇನ್ನೂ ಹಾಗೆಯೇ ನೆನಪಿದೆ: “ತಂಗಿ, ಹೆಸರು ಆಮ್ಯಾಗ ಬರಿಯೂಣು. ಮೊದಲ ನಿನ್ನ ಕಣ್ಣಿಗೆ ಏನ್ ಕಾಣಸ್ತದ ಅದನ್ನ ಬರಿ. ಕಂಡಿದ್ದು ನಿನ್ನದು, ಹೆಸರು ಪುಸ್ತಕದ್ದು.”

ಆ ಮಾತು ನನಗೆ ಕೊಟ್ಟ ಧೈರ್ಯ ಎಷ್ಟೆಂಬುದು ನಿಮಗೆ ತಿಳಿದಿರಲಾರದು. ಇಂಗ್ಲಿಷ್ ಪಾರಿಭಾಷಿಕ ಪದಗಳು ನನ್ನ ನಾಲಿಗೆಗೆ ಇನ್ನೂ ಒಗ್ಗಿರಲಿಲ್ಲ; ಆದರೆ ಹೊಲದಲ್ಲಿ ಬೆಳೆದವಳ ಕಣ್ಣು ನನ್ನದಾಗಿತ್ತು, ಮತ್ತು ಆ ಕಣ್ಣಿಗೆ ಈ ವಿದ್ಯೆಯಲ್ಲಿ ಮೊದಲ ಸ್ಥಾನವಿದೆ ಎಂದು ಹೇಳಿದವರು ನೀವೇ ಮೊದಲಿಗರು. ಭೂವಿಜ್ಞಾನದಲ್ಲಿಯೇ ಮುಂದುವರಿಯಬೇಕೆಂದು ನಾನು ನಿರ್ಧರಿಸಿದ್ದು ಆ ಟೇಕಡಿಯಿಂದ ಇಳಿದ ಮೇಲೆಯೇ.

ಆ ಗೆರೆ ನನ್ನ ವೃತ್ತಿಯಲ್ಲಿ ಹೇಗೆ ಕೆಲಸಕ್ಕೆ ಬಂತೆಂಬುದಕ್ಕೆ ಒಂದು ಉದಾಹರಣೆಯನ್ನು ಹೇಳದಿದ್ದರೆ ಈ ಪತ್ರ ಬರಿಯ ಹೊಗಳಿಕೆಯಾದೀತು. ಪುರಂದರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಳಿಜಾರಿನ ಮೇಲೆ ಹತ್ತಿರ ಹತ್ತಿರವೇ ಎರಡು ತೆರೆದ ಬಾವಿಗಳಿದ್ದವು. ಮೇಲಿನದು ಫೆಬ್ರುವರಿಗೇ ಬತ್ತುತ್ತಿತ್ತು. ಕೆಳಗಿನದು, ಊರಿನವರೆಲ್ಲ ಕುಡಿಯುವ ನೀರು ಸೇದುವ ಬಾವಿ, ಮೇ ತಿಂಗಳಲ್ಲೂ ಅಷ್ಟಿಷ್ಟು ನೀರು ಕೊಡುತ್ತಿತ್ತು. 1972ರ ಬರದ ನಂತರ ಮಹಾರಾಷ್ಟ್ರದ ಹಳ್ಳಿಗಳಿಗೆ ಕೊಳವೆಬಾವಿ ಬಂದಂದಿನಿಂದ ನೀರು ಕಡಿಮೆಯಾಯಿತೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅದೇ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ತೋರಿಸುವವರೊಬ್ಬರು ಊರ ಬಾವಿಯ ಪಕ್ಕದಲ್ಲಿಯೇ ಜಾಗ ಗುರುತು ಮಾಡಿದ್ದರು, ಕೊರೆಯುವ ಗುತ್ತಿಗೆದಾರರೂ ಸಿದ್ಧರಾಗಿದ್ದರು. ನನ್ನಿಂದ ಬೇಕಾಗಿದ್ದದ್ದು ಒಂದು ಒಪ್ಪಿಗೆ ಮಾತ್ರ.

ನಾನು ಗೆರೆ ಎಳೆದು ಎಡಭಾಗ ತುಂಬಲು ಕುಳಿತೆ. ಎರಡೂ ಬಾವಿಗಳ ಗೋಡೆಗಳನ್ನು ಮೇಲಿನಿಂದ ತಳದವರೆಗೆ ನೋಡಿ ಬರೆದುಕೊಂಡೆ. ಮೇಲಿನ ಬಾವಿ ಮಣ್ಣು, ಗರಸು ದಾಟಿ ಬಿರುಕೇ ಇಲ್ಲದ ಗಟ್ಟಿ ಕರಿಕಲ್ಲಿನಲ್ಲಿ ನಿಂತುಬಿಟ್ಟಿತ್ತು. ಕೆಳಗಿನದರಲ್ಲಿ ಕಲ್ಲು ಶಿಥಿಲವಾಗಿ, ಗೂಡುಗೂಡಾಗಿ, ಬೆರಳಿಟ್ಟರೆ ಒದ್ದೆಯಾಗುವಂತಿತ್ತು. ಅದರ ಕೆಳಗೆ ಇಟ್ಟಿಗೆಬಣ್ಣದ ಜೇಡಿಯ ಒಂದು ಪಟ್ಟಿ, ಮತ್ತು ಆ ಪಟ್ಟಿಯ ಮೇಲಂಚಿನಲ್ಲಿ ಸುತ್ತಲೂ ನೀರು ಜಿನುಗುತ್ತಿತ್ತು. ಘಾಟಿನಲ್ಲಿ ರಸ್ತೆಗಾಗಿ ಗುಡ್ಡ ಕಡಿದಲ್ಲೆಲ್ಲ ನೀವು ಬೆರಳು ಮಾಡಿ ತೋರಿಸುತ್ತಿದ್ದ ರೆಡ್ ಬೋಲ್ ಅದು, ಎರಡು ಲಾವಾ ಹರಿವುಗಳ ನಡುವಿನ ಕೆಂಪು ಪದರ.

ಬಲಭಾಗದಲ್ಲಿ ಬರೆದದ್ದು ಇಷ್ಟು: ಊರಿನ ನೀರು ನಿಂತಿರುವುದು ಗೂಡುಗೂಡಾದ ಕಲ್ಲಿನಲ್ಲಿ, ಅದನ್ನು ಕೆಳಕ್ಕೆ ಇಳಿಯದಂತೆ ತಡೆದಿರುವುದು ಆ ಕೆಂಪು ಪದರ, ಬಾವಿಯ ಪಕ್ಕದಲ್ಲಿಯೇ ಅದನ್ನು ತೂತು ಮಾಡಿದರೆ ಇರುವ ನೀರೂ ಆಳಕ್ಕೆ ಸೋರಿಹೋಗುವ ಅಪಾಯವಿದೆ, ಅಲ್ಲದೆ ನೆನೆದಾಗ ಉಬ್ಬುವ ಆ ಜೇಡಿ ಕೊರೆದ ರಂಧ್ರದೊಳಕ್ಕೇ ಕುಸಿಯಬಹುದು. ಸಭೆಯಲ್ಲಿ ನಾನು ಬಲಭಾಗವನ್ನು ಓದಲಿಲ್ಲ. ಹಿರಿಯರನ್ನೂ ನೀರಿಗೆ ಬರುವ ಹೆಣ್ಣುಮಕ್ಕಳನ್ನೂ ಬಾವಿಯ ಹತ್ತಿರ ಕರೆದೊಯ್ದು ಎಡಭಾಗವನ್ನು ಒಂದೊಂದಾಗಿ ತೋರಿಸಿದೆ. ನೀರು ಎಲ್ಲಿಂದ ಜಿನುಗುತ್ತದೆಂಬುದು ಆ ಹೆಣ್ಣುಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರೇ ಮುಂದಿನ ಮಾತನ್ನು ಆಡಿದರು. ಕೊನೆಗೆ ಬಾವಿಯ ಪಕ್ಕದಲ್ಲಿ ಕೊರೆಯುವುದನ್ನು ಕೈಬಿಟ್ಟು, ಮೇಲಿನ ಇಳಿಜಾರಿನಲ್ಲಿ ಸಮಪಾತಳಿಯ ಕಾಲುವೆ ತೋಡಿ ಮಳೆನೀರು ಇಂಗಿಸುವುದೆಂದು ಊರೇ ನಿರ್ಧರಿಸಿತು. ಆ ಬಾವಿಯ ನೀರನ್ನು ಅವರು ಇಂದಿಗೂ ಕುಡಿಯುತ್ತಿದ್ದಾರೆ.

ಗುರುಗಳೇ, ಈ ಪದ್ಧತಿಯ ಬೆಲೆ ನಿಖರತೆಗಿಂತ ಹೆಚ್ಚಿನದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಊಹೆಯನ್ನೇ ಕಂಡದ್ದೆಂಬಂತೆ ಬರೆದ ವರದಿಗಳನ್ನು ನಾನು ಬಹಳಷ್ಟು ಓದಿದ್ದೇನೆ. ಅವುಗಳಿಂದ ಮುಂದಿನವರಿಗೆ ಏನೂ ಸಿಗುವುದಿಲ್ಲ. ಎಡಭಾಗವನ್ನು ಪ್ರಾಮಾಣಿಕವಾಗಿ ತುಂಬಿದ ಪುಟವನ್ನು ಮಾತ್ರ, ನನ್ನ ತೀರ್ಮಾನವನ್ನು ಒಪ್ಪದವರೂ ತಮ್ಮ ತೀರ್ಮಾನಕ್ಕೆ ಆಧಾರವಾಗಿ ಬಳಸಿಕೊಳ್ಳಬಹುದು. ನಮ್ಮ ಹಳ್ಳಿಗಳ ನೀರಿನ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಹೊಸಬರ ಮೊದಲ ಕ್ಷೇತ್ರಪಾಠವನ್ನು ಅದೇ ಟೇಕಡಿಯಲ್ಲಿ, ಅದೇ ರೀತಿಯಲ್ಲಿ ಮಾಡಬೇಕೆಂದಿದ್ದೇನೆ. ಅದಕ್ಕಾಗಿ ಸಿದ್ಧಪಡಿಸಿದ ಟಿಪ್ಪಣಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ಓದಿ, ಹಿಂದೆ ನಮ್ಮ ನೋಟುಪುಸ್ತಕಗಳನ್ನು ತಿದ್ದುತ್ತಿದ್ದಂತೆ ಕೆಂಪು ಮಸಿಯಲ್ಲಿಯೇ ತಿದ್ದಿಕೊಡಿ. ಮಾರ್ಚ್ ಮೊದಲ ವಾರ ಕೆಲಸದ ಮೇಲೆ ಬೆಳಗಾವಿಗೆ ಬರುವುದಿದೆ. ನಿಮಗೂ ಅಮ್ಮನವರಿಗೂ ಅನುಕೂಲವಾಗುವ ದಿನವನ್ನು ತಿಳಿಸಿದರೆ ಅಲ್ಲಿಂದ ಧಾರವಾಡಕ್ಕೆ ಬಂದು ಇಬ್ಬರ ಆಶೀರ್ವಾದ ಪಡೆಯುತ್ತೇನೆ, ತಿದ್ದಿದ ಪ್ರತಿಯನ್ನೂ ಆಗಲೇ ತೆಗೆದುಕೊಳ್ಳುತ್ತೇನೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಸವಿತಾ