ಹಲಸೂರು ಗುರುದ್ವಾರ ಭೇಟಿ: ಚಿಂತನಾ ದಿನಚರಿ

ವಿಷಯ: ಧರ್ಮಗಳ ತುಲನಾತ್ಮಕ ಅಧ್ಯಯನ, ಎರಡನೆಯ ನಿಯೋಜಿತ ಕಾರ್ಯ
ಭೇಟಿಯ ದಿನ: 16 ಫೆಬ್ರವರಿ 2025, ಭಾನುವಾರ

ಹಲಸೂರು ಕೆರೆಯ ಮಗ್ಗುಲಲ್ಲಿರುವ ಗುರುದ್ವಾರವನ್ನು ಕಾಲೇಜಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಎರಡು ವರ್ಷ ನೋಡಿದ್ದರೂ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ದುಪಟ್ಟಾವನ್ನು ತಲೆಯ ಮೇಲೆ ಹೊದ್ದುಕೊಂಡೆ. ಅದು ಜಾರುತ್ತಲೇ ಇತ್ತು. ಪಕ್ಕದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಏನೂ ಹೇಳದೆ ಅದರ ಅಂಚನ್ನು ನನ್ನ ಕಿವಿಯ ಹಿಂದೆ ಸಿಕ್ಕಿಸಿ ಮುಂದೆ ನಡೆದರು.

ಸಭಾಂಗಣದಲ್ಲಿ ಎಲ್ಲರೂ ತಲೆಬಾಗುತ್ತಿದ್ದುದು ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್‌ಗೆ. 1708ರಲ್ಲಿ ಗುರು ಗೋವಿಂದ ಸಿಂಗರು ತಮ್ಮ ನಂತರ ಗ್ರಂಥವೇ ಗುರುವೆಂದು ಸಾರಿದರೆಂಬುದನ್ನು ತರಗತಿಯಲ್ಲಿ ಓದಿದ್ದೆ. ಆದರೆ 1430 ಪುಟಗಳ ಆ ಗ್ರಂಥಕ್ಕೆ ಮೇಲುಕಟ್ಟಿನ ಕೆಳಗೆ ಚಾಮರ ಬೀಸುವುದನ್ನು ನೋಡಿದಾಗಲೇ ಅದು ಅವರಿಗೆ ಬರಿಯ ಪುಸ್ತಕವಲ್ಲ, ದರ್ಬಾರಿನಲ್ಲಿ ಕುಳಿತ ಗುರು ಎಂಬುದು ನನಗೆ ಹೊಳೆಯಿತು. ಕೀರ್ತನೆಯ ಪಂಜಾಬಿ ನನಗೆ ಅರ್ಥವಾಗಲಿಲ್ಲ. ಕಬೀರ, ನಾಮದೇವ, ರವಿದಾಸ, ಶೇಖ್ ಫರೀದರ ಪದಗಳೂ ಅದೇ ಗ್ರಂಥದಲ್ಲಿವೆ ಎಂಬುದಷ್ಟೇ ಆಗ ನೆನಪಿದ್ದ ಪಾಠ.

ನಿಜವಾಗಿ ನಾನು ತಡವರಿಸಿದ್ದು ಲಂಗರಿನಲ್ಲಿ, ಎಂದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಗುರುದ್ವಾರದ ಊಟದಲ್ಲಿ. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತ ಕೂಡಲೇ ಮನಸ್ಸು "ಇದು ನಮ್ಮ ದಾಸೋಹವೇ" ಎಂದು ತೀರ್ಮಾನಿಸಿಬಿಟ್ಟಿತು. ನಾನು ತುಮಕೂರಿನ ಲಿಂಗಾಯತ ಮನೆತನದವಳು. ಜಾತ್ರೆಯ ದಿನಗಳಲ್ಲಿ ಮಠದ ದಾಸೋಹದಲ್ಲಿ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬೆಳೆದವಳು. ಹೋಲಿಕೆ ಸುಳ್ಳೇನೂ ಅಲ್ಲ, ಆದರೆ ಅದು ನನ್ನನ್ನು ತೀರ ಬೇಗ ನಿರಾಳಗೊಳಿಸಿತು, ಮುಂದೆ ನೋಡಬೇಕಾದದ್ದನ್ನು ನೋಡದಂತೆ ಮಾಡಿತು. ರೊಟ್ಟಿಯ ಬುಟ್ಟಿ ಹಿಡಿದು ಬಂದ ಹುಡುಗನತ್ತ, ಅವನಿಗೆ ಹತ್ತು ವರ್ಷವಿದ್ದೀತು, ನಾನು ಬಲಗೈ ಒಂದನ್ನೇ ಚಾಚಿದೆ. ಅವನು ಕೊಡಲಿಲ್ಲ. ಬುಟ್ಟಿಯನ್ನು ಕಂಕುಳಿಗೆ ಒತ್ತಿಕೊಂಡು, ತನ್ನ ಎರಡೂ ಅಂಗೈಗಳನ್ನು ಬೊಗಸೆಯಾಗಿ ಜೋಡಿಸಿ ತೋರಿಸಿ, "ಹೀಗೆ ಅಕ್ಕ" ಎಂದ. ಅಚ್ಚ ಬೆಂಗಳೂರಿನ ಕನ್ನಡ.

ಬೊಗಸೆ ಒಡ್ಡುವಾಗ ನನಗೆ ಮುಜುಗರವಾಯಿತೆಂಬುದನ್ನು ಇಲ್ಲಿ ಬರೆಯಲೇಬೇಕು. ಗ್ರಂಥದ ಮುಂದೆ ಹಣೆ ಹಚ್ಚುವಾಗ ಇಲ್ಲದ ಅಳುಕು ಚಿಕ್ಕ ಹುಡುಗನ ಮುಂದೆ ಕೈಯೊಡ್ಡುವಾಗ ಏಕೆ ಬಂತು? ದಾಸೋಹದಲ್ಲಿ ನಾನು ನೆನಪಿಟ್ಟುಕೊಂಡಿರುವುದೆಲ್ಲ ಬಡಿಸಿದ ದಿನಗಳೇ, ಉಂಡ ದಿನಗಳಲ್ಲ. ಸಮಾನತೆಯನ್ನು ನಾನು ಈವರೆಗೆ ನಿಂತು ಬಡಿಸುವವರ ಜಾಗದಿಂದ ಅರ್ಥಮಾಡಿಕೊಂಡಿದ್ದೆ ಎನಿಸಿತು.

ಊಟದ ಬಳಿಕ ತಟ್ಟೆ ತೊಳೆಯುವ ಸಾಲಿಗೆ ಆತುರದಿಂದ ಹೋಗಿ ನಿಂತೆ. ಸೇವೆಯ ಇಚ್ಛೆಯಿಂದಲೋ, ಪಡೆದದ್ದನ್ನು ಬೇಗನೆ ತೀರಿಸಿಬಿಡುವ ಆಸೆಯಿಂದಲೋ ಎಂಬುದು ಹಾಸ್ಟೆಲ್ ತಲುಪಿದ ಮೇಲೂ ನಿಶ್ಚಯವಾಗಲಿಲ್ಲ. ಎರಡನೆಯದೇ ಹೆಚ್ಚಿತ್ತೆಂಬುದು ನನ್ನ ಗುಮಾನಿ.